ಪುಟ್ಟಿಯ ಪದ್ಯದ ಕೆಳಗೆ ಏನು ಬರೆಯುತ್ತಿ?

ತಮ್ಮಾ, ಪುಟ್ಟಿ ಶಾಲೆಯಲ್ಲಿ ಪದ್ಯ ಹೇಳಿದ ವಿಡಿಯೊ ಬಂತು. ನಿಮ್ಮ ಕಾಕಿ ಫೋನು ಕೈಯಿಂದ ಬಿಡಲೊಲ್ಲಳು. ಅದರ ಕೆಳಗೆ ಹಾಕಬೇಕೆಂದು ನೀನು ಬರೆದ ಸಾಲುಗಳನ್ನೂ ಓದಿದೆ. ‘ಹೆಮ್ಮೆಯ ಕ್ಷಣ, ಕನ್ನಡದ ಕುಡಿ, ತಾಯಿನುಡಿಗೆ ಜಯವಾಗಲಿ’, ಕೊನೆಗೊಂದು ಸಾಲು ಹಳದಿ, ಕೆಂಪು ಹೃದಯಗಳು. ಬೇಡ ಅನ್ನುವುದಿಲ್ಲ. ಆದರೆ ಇದೇ ಮಾತನ್ನು ಬೀದರಿನ ಯಾವ ಅಪ್ಪನಾದರೂ ಯಾವ ಮಗಳ ಫೋಟೊದ ಕೆಳಗಾದರೂ ಹಾಕಬಹುದು. ಪುಟ್ಟಿ ಹೇಳಿದ್ದು ಯಾವ ಪದ್ಯ, ಬರೆದವರು ಯಾರು, ಕಲಿಸಿದ ಅಕ್ಕೋರು ಯಾರು, ಒಂದೂ ಇಲ್ಲ.

ಪದ್ಯ ‘ನಾಯಿಮರಿ’, ಬರೆದವರು ಜಿ.ಪಿ. ರಾಜರತ್ನಂ. ಇದನ್ನು ಮೊದಲ ಸಾಲಿಗೇ ತಾ. ಮಕ್ಕಳ ಪದ್ಯ ಅಂದರೆ ಕವಿಯ ಹೆಸರು ಬಿಟ್ಟುಬಿಡುವುದು, ಇಲ್ಲವೆ ನೆನಪಿಗೆ ಬಂದ ದೊಡ್ಡ ಹೆಸರೊಂದನ್ನು ಅಂಟಿಸುವುದು ಈಗ ರೂಢಿಯಾಗಿದೆ. ರಾಜರತ್ನಂ ಅವರ ತುತ್ತೂರಿ ಪದ್ಯ ಪಂಜೆಯವರದಾಗುತ್ತದೆ, ಪಂಜೆಯವರ ಹಾವು ಕುವೆಂಪು ಅವರದಾಗುತ್ತದೆ. ಒಮ್ಮೆ ತಪ್ಪಾಗಿ ಹೋದದ್ದು ಹತ್ತು ಗುಂಪು ಸುತ್ತಿ, ತಿದ್ದಿದವನನ್ನೇ ಸುಳ್ಳನನ್ನಾಗಿ ಮಾಡುತ್ತದೆ. ಪಠ್ಯಪುಸ್ತಕ ತೆರೆದು ನೋಡಿ ಬರೆ.

ಇನ್ನೊಂದು ಸಣ್ಣ ಮಾತು, ಆದರೆ ಬಹಳ ಜನ ಎಡವುವ ಜಾಗ. ‘ರಾಜರತ್ನಂ’ ಬರೆಯುವಾಗ ಕೊನೆಯ ಅನುಸ್ವಾರದ ಬದಲು ನೀನು ಕನ್ನಡ ಅಂಕಿಯ ಸೊನ್ನೆ ಒತ್ತಬಹುದು. ಎರಡೂ ದುಂಡಗೆ ಇರುವುದರಿಂದ ಕಣ್ಣಿಗೆ ತಿಳಿಯುವುದಿಲ್ಲ. ಆದರೆ ಆಮೇಲೆ ಆ ಹೆಸರು ಹುಡುಕಿದವರಿಗೆ ನಿನ್ನ ಬರಹ ಸಿಗುವುದಿಲ್ಲ. ಕರ್ಸರನ್ನು ಆ ಅಕ್ಷರದ ಹತ್ತಿರ ಒಯ್ದು ನೋಡು. ‘ನ’ ಮತ್ತು ಸೊನ್ನೆಯ ನಡುವೆ ಅದು ನಿಂತರೆ ಅಲ್ಲಿರುವುದು ಅಂಕಿ. ಅನುಸ್ವಾರವಾದರೆ ‘ನಂ’ ಪೂರ್ತಿ ಒಂದೇ ಅಕ್ಷರವಾಗಿ ದಾಟುತ್ತದೆ.

ಈಗ ನೀನು ಫೋನಿನಲ್ಲಿ ಮೆಲ್ಲಗೆ ಕೇಳಿದ ವಿಷಯಕ್ಕೆ ಬರುತ್ತೇನೆ. ಪುಟ್ಟಿ ‘ಮನೆಯ’ ಅನ್ನುವ ಕಡೆ ‘ಮನಿಯ’ ಅಂದಳು, ಬೆಂಗಳೂರಿನ ಗೆಳೆಯರು ನಗುತ್ತಾರೆ, ಆ ತುಣುಕು ಕತ್ತರಿಸಲೇ ಅಂದೆಯಲ್ಲ. ಕತ್ತರಿಸಬೇಡ. ನಮ್ಮ ತೆಂಗಳಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಪದದ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿ, ಶಾಲೆ ಶಾಲಿ, ಎಲೆ ಎಲಿ. ಒಂದು ಪದಕ್ಕೆ ಆದದ್ದು ಎಲ್ಲ ಪದಕ್ಕೂ ಆಗುತ್ತದೆ. ಹೀಗಾಗಿ ಮನೆಗೆ ಕೊನೆ ಪ್ರಾಸವಾದರೆ ಮನಿಗೆ ಕೊನಿ ಪ್ರಾಸವಾಗಿಯೇ ಉಳಿಯುತ್ತದೆ. ಎಣಿಸಿ ನೋಡು, ‘ಮನೆಯ’ ಮೂರು ಮಾತ್ರೆ, ‘ಮನಿಯ’ವೂ ಮೂರೇ. ತಾಳ ತಪ್ಪಲಿಲ್ಲ, ಅರ್ಥವೂ ಕೆಡಲಿಲ್ಲ.

ಕೆಡುವ ಜಾಗ ಬೇರೆ ಇದೆ, ಅದನ್ನು ತಿದ್ದು. ಮನೆಯಲ್ಲಿ ನಾವು ‘ಏನ್ ಮಾಡ್ತಿ’ ಅನ್ನುವವರು. ಪದ್ಯದಲ್ಲಿರುವ ‘ಮಾಡುವೆ’ಯ ಜಾಗದಲ್ಲಿ ಮಗು ‘ಮಾಡ್ತಿ’ ಅಂದರೆ ನಾಲ್ಕು ಮಾತ್ರೆ ಮೂರಾಗಿ, ಸಾಲು ಅಲ್ಲಿ ಕುಂಟುತ್ತದೆ. ಪುಟ್ಟಿ ಹಾಗೆ ಮಾಡಲಿಲ್ಲ. ‘ಮಾಡುವೆ’ ಅಂತಲೇ ಸ್ಪಷ್ಟವಾಗಿ ಅಂದಳು. ನಾಯಿಮರಿ ಮಾತಾಡುವ ಕಡೆ ದನಿಯನ್ನೂ ಬದಲಿಸಿದಳು. ಅಕ್ಕೋರು ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಿಳಿದವರು. ಅವರನ್ನು ಕೇಳಿ, ಒಪ್ಪಿದರೆ, ಅವರ ಹೆಸರನ್ನೂ ಹಾಕು.

ನಗುವವರಿಗೆ ಒಂದು ಮಾತು ಹೇಳು. ‘ನಾಯಿಮರಿ’ ಬರೆದ ಕೈಯೇ ‘ರತ್ನನ ಪದಗಳು’ ಬರೆದದ್ದು. ಅಲ್ಲಿ ಹೆಂಡ ಕುಡಿದವನು ತನ್ನ ಹಟ್ಟಿಯ ಮಾತಿನಲ್ಲೇ ಹಾಡುತ್ತಾನೆ, ಹಕಾರ ಬಿಟ್ಟೇ ಹಾಡುತ್ತಾನೆ. ಅಂಥ ಕವಿಗೆ ನಮ್ಮ ಹುಡುಗಿಯ ‘ಮನಿ’ ಅಡ್ಡ ಬರುತ್ತಿತ್ತೇ?

ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ಕಾಗಿಣಾ ದಂಡೆಯ ಮಳಖೇಡಕ್ಕೆ ಬಾ. ಅದೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. (ರಾಜನೇ ಬರೆದ ಅಂತ ಹಾಕುವವರು ಬಹಳ. ನೀನು ಹಾಕಬೇಡ. ರಾಜನದು ಒಪ್ಪಿಗೆ, ಬರವಣಿಗೆ ಶ್ರೀವಿಜಯನದು.) ಓದದವರೂ ಕಾವ್ಯದಲ್ಲಿ ನುರಿತವರು ಅನ್ನುವ ಅದರ ಮಾತನ್ನು ನವೆಂಬರ್ ಬಂದರೆ ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಅದರ ಮುಂದಿನ ಪದ್ಯಕ್ಕೆ ಯಾರೂ ಹೋಗುವುದಿಲ್ಲ. ತಂತಮ್ಮ ನುಡಿಯಲ್ಲಿ ಎಲ್ಲರೂ ಜಾಣರು ಅಂತ ಅಲ್ಲಿ ಬರುತ್ತದೆ, ಆ ಎಲ್ಲರಲ್ಲಿ ಚಿಕ್ಕ ಮಕ್ಕಳನ್ನೂ ಹೆಸರಿಸಿ ಸೇರಿಸಿದೆ. ಕನ್ನಡದ ಒಳನುಡಿಗಳು ಎಷ್ಟೊಂದು ಅಂದರೆ ವಾಸುಕಿಯೂ ಬೇಸತ್ತಾನು ಅಂತಲೂ ಅದೇ ಗ್ರಂಥ ಹೇಳುತ್ತದೆ. ಆದರೂ ಇದನ್ನೆಲ್ಲ ವಿಡಿಯೊದ ಕೆಳಗೆ ತುಂಬಬೇಡ. ಆರು ವರ್ಷದ ಹುಡುಗಿ ಹೊರುವ ಭಾರ ಅಲ್ಲ ಅದು.

ತುಂಬಬೇಕಾದ್ದು ನಿನ್ನ ಮನೆಯದೇ ಒಂದಿದೆ. ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. ಹೊಲದ ಕಾಗದ, ಕಚೇರಿ ಅರ್ಜಿ ಎಲ್ಲ ಉರ್ದುವಿನಲ್ಲೇ. ಕನ್ನಡ ಅವರಿಗೆ ಮನೆಮಾತು, ಭಜನೆಯ ಮಾತು. ವಚನಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು. ಅಪ್ಪ ಮಾತ್ರ ಕೊನೆಯವರೆಗೂ ಸಹಿಯನ್ನು ಉರ್ದುವಿನಲ್ಲೇ ಮಾಡಿದರು. ಶಾಲೆಯಲ್ಲಿ ನಿಂತು ಒಂದು ಕನ್ನಡ ಪದ್ಯ ಹೇಳುವ ಪಾಳಿ ಅವರಿಗೆ ಬರಲಿಲ್ಲ. ಅವರ ಮರಿಮಗಳಿಗೆ ಬಂತು. ಈ ಮಾತನ್ನು ನಮ್ಮ ಮನೆಯವರನ್ನು ಬಿಟ್ಟು ಬೇರೆ ಯಾರೂ ಬರೆಯಲಾರರು.

ಉರ್ದುವನ್ನು ಹಳಿದು ಮಾತ್ರ ಬರೆಯಬೇಡ. ಪುಟ್ಟಿಯ ತರಗತಿಯಲ್ಲೇ ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳಿದ್ದಾರೆ. ವಿಡಿಯೊದಲ್ಲಿ ಅವಳ ಹಿಂದೆ ನಿಂತು ಚಪ್ಪಾಳೆ ತಟ್ಟುವವರು ಅವರೇ. ಅದೇ ಪದ್ಯವನ್ನು ಅವರು ಮನೆಮಾತಲ್ಲದ ಭಾಷೆಯಲ್ಲಿ ಕಲಿತು ಹೇಳಿದ್ದಾರೆ, ಅದು ನಮ್ಮ ಹುಡುಗಿಯದಕ್ಕಿಂತ ಕಷ್ಟದ ಕೆಲಸ. ಅವರ ಮುಖ ಕಾಣುವ ಭಾಗ ಹಾಕುವ ಮೊದಲು ಅವರ ಮನೆಯವರನ್ನು ಕೇಳು. ಶಾಲೆಯ ಹೆಸರು, ಪುಟ್ಟಿಯ ಪೂರ್ಣ ಹೆಸರು ಎಲ್ಲರೂ ನೋಡುವ ಜಾಗದಲ್ಲಿ ಬೇಡ. ‘ಪುಟ್ಟಿ’ ಅಂದರೆ ನಮ್ಮವರಿಗೆ ಗೊತ್ತು.

ನಾನಾದರೆ ಹೀಗೆ ಬರೆಯುತ್ತಿದ್ದೆ, ಬೇಕಾದ ಹಾಗೆ ತಿದ್ದಿಕೋ:

‘ನಮ್ಮ ಪುಟ್ಟಿ, ಒಂದನೇ ತರಗತಿ, ಶಾಲೆಯಲ್ಲಿ ಹೇಳಿದ ಮೊದಲ ಕನ್ನಡ ಪದ್ಯ. ಜಿ.ಪಿ. ರಾಜರತ್ನಂ ಅವರ ನಾಯಿಮರಿ. ಕಲಿಸಿದವರು ಅವಳ ಅಕ್ಕೋರು. ಇವಳ ಮುತ್ತಜ್ಜ ಕಲಿತದ್ದು ಉರ್ದು ಶಾಲೆಯಲ್ಲಿ, ಕನ್ನಡ ಹೇಳಿದ್ದು ಭಜನೆಯಲ್ಲಿ. ಮನಿ ಅಂದದ್ದು ತೆಂಗಳಿಯ ಕನ್ನಡ.’

ಹೃದಯ ಬೇಕಾದರೆ ಒಂದು ಇಡು.

ಕೊನೆಗೆ, ಸ್ಟೇಟಸ್ಸಿಗೆ ಹಾಕಿದ್ದು 24 ತಾಸಿಗೆ ಮಾಯವಾಗುತ್ತದೆ. ಕಲಬುರಗಿಗೆ ಹೋದಾಗ ಒಂದು ಫೋಟೊ ತೊಳೆಸಿಕೊಂಡು ಬಾ. ಅದರ ಹಿಂದೆ ಇದೇ ಸಾಲುಗಳನ್ನು ತಾರೀಖು ಹಾಕಿ ಬರೆ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂದೆ ಮುಖದ ಮೇಲೆ ಗೆರೆಯಾಗಿ ಏಳುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನ ಕಡೆ, ಹಗುರಾಗಿ ಬರೆ. ಒಂದು ಪ್ರತಿ ನಿಮ್ಮ ಕಾಕಿಗೂ ಬೇಕಂತೆ.