ಹುಟ್ಟಿದ ದಿನಾಂಕದ ಖಾನೆ: ಕೌಂಟರಿನಲ್ಲಿ ಕಲಿತ ಪಾಠಗಳು

ಜೆರಾಕ್ಸು, ಆನ್‌ಲೈನ್ ಅರ್ಜಿ, ಮೇಲ್ ಐಡಿ ಮಾಡಿಕೊಡುವುದು ನನ್ನ ಕೆಲಸ. ಫಾರ್ಮ್ ತುಂಬುವಾಗ ಜನ ಪಾಸ್‌ವರ್ಡಿಗೆ ತಲೆ ಕೆಡಿಸಿಕೊಳ್ಳುತ್ತಾರೆ, ಹುಟ್ಟಿದ ದಿನಾಂಕಕ್ಕೆ ಮಾತ್ರ "ಏನಾದ್ರೂ ಹಾಕಿ ಸಾರ್" ಎನ್ನುತ್ತಾರೆ. ಮುಂದೆ ತೊಂದರೆ ಕೊಡುವುದು ಹೆಚ್ಚಾಗಿ ಆ ಖಾನೆಯೇ.

1. ಆ ಖಾನೆ ಮಾಡುವುದು ಕಳೆಯುವ ಲೆಕ್ಕ ಅಷ್ಟೆ. ಇವತ್ತಿನ ದಿನಾಂಕದಿಂದ ನೀವು ಕೊಟ್ಟ ದಿನಾಂಕ ಕಳೆದು, 13 ತುಂಬಿದೆಯೇ ಎಂದು ನೋಡುತ್ತದೆ. ಈ 13ರ ಗೆರೆ ಬಂದದ್ದು ಅಮೆರಿಕದ 1998ರ ಮಕ್ಕಳ ಖಾಸಗಿತನದ ಕಾನೂನಿನಿಂದ. ಅದಕ್ಕಿಂತ ಚಿಕ್ಕವರ ಮಾಹಿತಿ ಪಡೆಯಲು ತಂದೆ ತಾಯಿಯ ಒಪ್ಪಿಗೆ ಬೇಕು. "ನನಗೆ 13 ಆಗಿದೆ" ಎಂಬ ಟಿಕ್ ಗುರುತಿನ ಬದಲು ಪೂರ್ತಿ ದಿನಾಂಕ ಕೇಳುವುದಕ್ಕೂ ಕಾರಣವಿದೆ: ಯಾವ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ ಎಂಬ ಸುಳಿವು ಮಗುವಿಗೆ ಸಿಗಬಾರದು. ಒಮ್ಮೆ ಬೇಡ ಎಂದ ಮೇಲೆ ಹಿಂದಿನ ಪುಟಕ್ಕೆ ಹೋಗಿ ವರ್ಷ ತಿದ್ದಿದರೂ ಒಪ್ಪದಂತೆ, ಕೆಲವು ತಾಣಗಳು ಬ್ರೌಸರಿನಲ್ಲಿ ಕುಕೀ ಇಟ್ಟಿರುತ್ತವೆ. ಇಷ್ಟಾದರೂ ಬರೆದದ್ದು ನಿಜವೇ ಎಂದು ಆ ಹೊತ್ತಿಗೆ ಯಾರೂ ನೋಡುವುದಿಲ್ಲ.

2. ಚಿಕ್ಕ ವಯಸ್ಸು ಬಿದ್ದರೆ ಪೆಟ್ಟು ಕೂಡಲೇ. ನಮ್ಮ ಬೀದಿಯ ಬೇಕರಿಯವರು ವರ್ಷಗಳಿಂದ ಬಳಸುತ್ತಿದ್ದ ಖಾತೆಗೆ ಹುಟ್ಟಿದ ದಿನ ಸೇರಿಸಲು ಹೋಗಿ, ಅಂಗಡಿ ತೆರೆದ 2015ರ ತಾರೀಕು ಹಾಕಿಬಿಟ್ಟರು. ಅಂಗಡಿಯ ಹೆಸರಿನ ಖಾತೆ, ಅಂಗಡಿಯ ಹುಟ್ಟುಹಬ್ಬ ಎಂಬ ಲೆಕ್ಕ ಅವರದು. ಲೆಕ್ಕದ ಯಂತ್ರಕ್ಕೆ ಅವರು ಹತ್ತು ವರ್ಷದ ಹುಡುಗ. ಖಾತೆಗೆ ಬೀಗ ಬಿತ್ತು. ಇದು ಅವರೊಬ್ಬರ ಕಥೆಯಲ್ಲ. 2021ರಲ್ಲಿ, ಹುಟ್ಟಿದ ವರ್ಷ 2007 ಎಂದು ಬದಲಿಸಿದರೆ ಹೊಸ ಬಣ್ಣಗಳು ಬರುತ್ತವೆಂಬ ಗಾಳಿಮಾತು ನಂಬಿದ ಟ್ವಿಟರ್ ಬಳಕೆದಾರರ ಖಾತೆಗಳೂ, ತೆರೆದ ದಿನಕ್ಕೆ 13 ತುಂಬಿರಲಿಲ್ಲ ಎಂಬ ಲೆಕ್ಕದಿಂದ, ಹೀಗೇ ಮುಚ್ಚಿಹೋದವು.

ಗೂಗಲ್‌ನ ನಿಯಮ ಹೀಗಿದೆ: ವಯಸ್ಸು ಸಾಲದು ಎಂದು ಕಂಡರೆ ಸರಿಪಡಿಸಲು 14 ದಿನ ಕೊಡುತ್ತಾರೆ, ಆಮೇಲೆ ಖಾತೆ ನಿಷ್ಕ್ರಿಯ. ಅಲ್ಲಿಂದ 30 ದಿನ ಕಳೆದರೆ ಅಳಿಸುವ ಸರದಿ. ಮಗುವಿನದೇ ಖಾತೆಯಾದರೆ ಪೋಷಕರ ನಿಗಾಗೆ ಒಪ್ಪಿಸಬಹುದು. ದೊಡ್ಡವರದಾದರೆ ಗುರುತಿನ ಚೀಟಿಯ ಫೋಟೋ ಇಲ್ಲವೇ ಕ್ರೆಡಿಟ್ ಕಾರ್ಡಿನಿಂದ ವಯಸ್ಸು ತೋರಿಸಬೇಕು. ಜನ ಎಡವುವುದು ಇಲ್ಲೇ. ಎಚ್ಚರಿಕೆಯ ಮೇಲ್ ಬಂದಾಗ ಜಾಹೀರಾತೆಂದು ಬಿಟ್ಟು, ಫೋನಿನ ಕಾಂಟ್ಯಾಕ್ಟು ಮಾಯವಾದಾಗ ಓಡಿಬರುತ್ತಾರೆ. ಅಷ್ಟು ಹೊತ್ತಿಗೆ 14 ದಿನ ಮುಗಿದಿರುತ್ತದೆ. ಇನ್ನು ಕೆಲವರು ಹೊಸ ಖಾತೆ ಮಾಡಿಕೊಂಡು ಸುಮ್ಮನಾಗುತ್ತಾರೆ. ಹಳೆಯದರಲ್ಲಿದ್ದ ಫೋಟೋ, ಬ್ಯಾಂಕಿಗೆ ಕೊಟ್ಟ ಮೇಲ್ ಐಡಿ ನೆನಪಾಗುವುದು ತಡವಾಗಿ.

3. ದೊಡ್ಡ ವಯಸ್ಸು ಬಿದ್ದರೆ ಏನೂ ಆಗುವುದಿಲ್ಲ, ತೊಂದರೆಯೇ ಅದು. ಹತ್ತು ವರ್ಷದ ಮಗಳಿಗೆ 13 ಎಂದು ಹಾಕಿಸುವ ಅಪ್ಪಂದಿರು ಮೂರು ವರ್ಷದ ಸುಳ್ಳು ಅಂದುಕೊಂಡಿರುತ್ತಾರೆ. ಆದರೆ ಆ ಸುಳ್ಳೂ ಮಗುವಿನ ಜೊತೆ ಬೆಳೆಯುತ್ತದೆ. ಹುಡುಗಿಗೆ 15 ಆಗುವಾಗ ಖಾತೆಗೆ 18. ಇನ್‌ಸ್ಟಾಗ್ರಾಮ್ 18ರ ಒಳಗಿನವರಿಗೆ ಖಾಸಗಿ ಖಾತೆ, ಅಪರಿಚಿತರ ಸಂದೇಶಕ್ಕೆ ತಡೆ ಎಂದು ತಾನಾಗಿ ಹಾಕುವ ಬೇಲಿ ಆ ದಿನದಿಂದ ಅವಳಿಗಿರುವುದಿಲ್ಲ. ಎಚ್ಚರಿಸುವ ಮೇಲೂ ಬರುವುದಿಲ್ಲ, ಏಕೆಂದರೆ ಲೆಕ್ಕ ಸರಿಯಾಗಿಯೇ ಇದೆ. ನಮ್ಮ ದೇಶದ 2023ರ ದತ್ತಾಂಶ ಕಾಯಿದೆ 18ರ ಒಳಗಿನವರೆಲ್ಲ ಮಕ್ಕಳು, ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಅದೂ ಕೆಲಸಕ್ಕೆ ಬರುವುದು ಖಾತೆ ಮಗುವಿನದು ಎಂದು ಗೊತ್ತಾದಾಗ ಮಾತ್ರ. ನನ್ನ ಮಟ್ಟಿಗೆ ಇದು ಎರಡನೆಯದಕ್ಕಿಂತ ಕೆಟ್ಟ ತಪ್ಪು. ಬೀಗ ಬಿದ್ದರೆ ತೆಗೆಸಲಾದರೂ ಯಾರೋ ಬರುತ್ತಾರೆ.

ಹಿಂದಕ್ಕೆ ತಿದ್ದುವುದೂ ಸುಲಭವಲ್ಲ. 18 ಮೀರಿದೆ ಎಂದು ತೋರಿಸುವ ಕಡೆಗೆ ವರ್ಷ ಬದಲಿಸಿದರೆ ಇನ್‌ಸ್ಟಾಗ್ರಾಮ್ ಗುರುತಿನ ಚೀಟಿಯನ್ನೋ ವೀಡಿಯೊ ಸೆಲ್ಫಿಯನ್ನೋ ಕೇಳುತ್ತದೆ. ನಿಜದ ಕಡೆಗೆ ಬದಲಿಸಿದಾಗ ವಯಸ್ಸು 13ಕ್ಕಿಂತ ಕೆಳಗಿಳಿದರೆ ಖಾತೆಯೇ ಹೋಗಬಹುದು. ಬೇಕಾದ ಫೋಟೋಗಳನ್ನು ಮೊದಲು ಇಳಿಸಿಕೊಂಡು ಆಮೇಲೆ ಕೈ ಹಾಕಿ.

4. ಯಾವ ದಿನಾಂಕ ಹಾಕಬೇಕು? ನಮ್ಮ ಕಡೆ ಹಿರಿಯರಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂದು ಎಣಿಸಿ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ಅಮ್ಮ ಹೇಳುವುದು ಯುಗಾದಿಯ ಮಾರನೆಯ ದಿನ ಇರಬಹುದು. ಖಾತೆಗೆ ಮಾತ್ರ ದಾಖಲೆಯಲ್ಲಿರುವುದನ್ನೇ ಹಾಕಿ, ಏಕೆಂದರೆ ನಾಳೆ ಹೋಲಿಸಿ ನೋಡುವುದು ಅದರೊಂದಿಗೆ. ಹಳೆಯ ಕೆಲವು ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, ದಿನ ತಿಂಗಳು ಇರುವುದಿಲ್ಲ. ಅಂಥವರಿಗೆ ನಾನು ಪಾನ್ ಕಾರ್ಡ್ ತರಲು ಹೇಳುತ್ತೇನೆ. ತಿಂಗಳು ಮೊದಲೋ ದಿನ ಮೊದಲೋ ಎಂದೂ ನೋಡಿಕೊಳ್ಳಿ: ಅಮೆರಿಕದ ಫಾರ್ಮಿನಲ್ಲಿ 03/07 ಎಂದರೆ ಮಾರ್ಚ್ 7. ಒತ್ತುವ ಮೊದಲು ವರ್ಷದ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕೆಲವು ಫಾರ್ಮುಗಳಲ್ಲಿ ಅದು ಈ ವರ್ಷದಿಂದಲೇ ಶುರುವಾಗುತ್ತದೆ.