ಖರ್ಚಿಲ್ಲದ ರಿಸ್ಕ್ ರಿವರ್ಸಲ್‌ನ ನಿಜವಾದ ಬೆಲೆ

ಪ್ರಶ್ನೆ: ನಿಫ್ಟಿ ಏರುವ ನಿರೀಕ್ಷೆಯಿದೆ. ಪುಟ್ ಮಾರಿ, ಆ ಹಣದಲ್ಲೇ ಕಾಲ್ ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು. ಸೂಚ್ಯಂಕ ಕುಸಿದೀತೆಂಬ ಭಯಕ್ಕೆ ಪುಟ್ ಕೊಳ್ಳುವವರು ಹೆಚ್ಚು. ಹಾಗಾಗಿ ಅದರ ಇಂಪ್ಲೈಡ್ ವೊಲಟಿಲಿಟಿ ಸಾಮಾನ್ಯವಾಗಿ ಕಾಲ್‌ಗಿಂತ ಮೇಲಿರುತ್ತದೆ. ಇದೇ ಸ್ಕ್ಯೂ. ನಿಫ್ಟಿ 25,000ದಲ್ಲಿದ್ದು, 24,000ದ ಪುಟ್‌ಗೆ ₹120, 26,000ದ ಕಾಲ್‌ಗೆ ₹90 ಇದೆಯೆನ್ನೋಣ. ಯೂನಿಟ್‌ಗೆ ₹30 ಕೈಗೇ ಬರುತ್ತದೆ. ಆದರೆ ಅದು ಲಾಭವಲ್ಲ, ಅಪಾಯ ಹೊತ್ತದ್ದಕ್ಕೆ ಸಿಕ್ಕ ಕೂಲಿ. ಎಕ್ಸ್‌ಪೈರಿಗೆ ಸೂಚ್ಯಂಕ 23,500ಕ್ಕಿಳಿದರೆ ನಷ್ಟ ₹470. ಅದಕ್ಕೂ ಮೊದಲೇ, ಕುಸಿತದ ಜೊತೆ ವೊಲಟಿಲಿಟಿಯೂ ಏರಿ, ಮಾರಿದ ಪುಟ್ ದುಬಾರಿಯಾಗಿ ಬ್ರೋಕರ್ ಹೆಚ್ಚಿನ ಮಾರ್ಜಿನ್ ಕೇಳಬಹುದು.

23,500ರ ಪುಟ್ ಕೊಂಡಿಟ್ಟರೆ ನಷ್ಟಕ್ಕೆ ಮಿತಿಯಿರುತ್ತದೆ; ಸ್ಕ್ಯೂನಿಂದಾಗಿ ಅದೂ ತುಸು ದುಬಾರಿ. ಮಾರ್ಜಿನ್‌ಗೆ ಸಾಲದ ಹಣವೇ ಗತಿಯೆಂದಾದರೆ, ಮೊದಲು ಸೆಬಿ ನೋಂದಾಯಿತ ಹೂಡಿಕೆ ಸಲಹೆಗಾರರನ್ನು ಕಾಣಬೇಕು.