38ಕ್ಕೇ ಕೆಲಸ ಬಿಡುವವರಿಗೆ ಶೇ 4ರ ಲೆಕ್ಕ ಸಾಲದು

ಮಾಲೂರಿನಿಂದ ರೈಲು ಹಿಡಿದು ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗಿಬರುವ 38 ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ಹೆಂಡತಿ, ಒಬ್ಬಳು ಮಗಳು, ಸ್ವಂತ ಮನೆ. ಕೈಗಾರಿಕಾ ಪ್ರದೇಶಕ್ಕೆ ಹೋದ ಜಮೀನಿನ ಪರಿಹಾರ ಮತ್ತು ಇದುವರೆಗಿನ ಉಳಿತಾಯ ಸೇರಿ ಕೈಯಲ್ಲಿ 1.5 ಕೋಟಿ ರೂಪಾಯಿ ಇದೆ. ತಿಂಗಳ ಖರ್ಚು 50 ಸಾವಿರ, ವರ್ಷಕ್ಕೆ 6 ಲಕ್ಷ. ‘ವರ್ಷದ ಖರ್ಚಿನ 25 ಪಟ್ಟು ಇಡುಗಂಟು ಇದ್ದರೆ ಸಾಕು, ಮೊದಲ ವರ್ಷ ಅದರಲ್ಲಿ ಶೇ 4ರಷ್ಟು ತೆಗೆಯಿರಿ, ಆಮೇಲೆ ಬೆಲೆ ಏರಿದಷ್ಟೇ ಏರಿಸುತ್ತಾ ಹೋಗಿ’ ಎಂಬ ಸೂತ್ರ ಅವರಿಗೆ ಕರಾರುವಾಕ್ಕಾಗಿ ಹೊಂದುತ್ತದೆ. ರಾಜೀನಾಮೆ ಕೊಟ್ಟುಬಿಡಬಹುದೇ?

ಕೊಡುವ ಮೊದಲು ಈ ಸೂತ್ರ ಯಾರಿಗಾಗಿ ಹುಟ್ಟಿತು ಎಂಬುದನ್ನು ನೋಡಬೇಕು. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಇದನ್ನು ಮುಂದಿಟ್ಟರು. ಅಲ್ಲಿನ ಷೇರು ಮತ್ತು ಸರ್ಕಾರಿ ಬಾಂಡ್‌ಗಳ 1926ರಿಂದೀಚಿನ ಅಂಕಿಅಂಶ ಹಿಡಿದು, ಅರವತ್ತು ದಾಟಿ ನಿವೃತ್ತರಾದವರ ಹಣ 30 ವರ್ಷ ಬಾಳಬೇಕಾದರೆ ಎಷ್ಟು ತೆಗೆಯಬಹುದು ಎಂದು ಲೆಕ್ಕ ಹಾಕಿದರು. 1998ರಲ್ಲಿ ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು ನಡೆಸಿದ ಅಧ್ಯಯನದಿಂದ ಅದು ಇನ್ನಷ್ಟು ಪ್ರಸಿದ್ಧವಾಯಿತು. ಆ ಲೆಕ್ಕ ಅದರ ಮಿತಿಯೊಳಗೆ ಪ್ರಾಮಾಣಿಕವಾದುದೇ. ಆದರೆ ನಮ್ಮ ಮಾಲೂರಿನವರ ಹಣ ಬಾಳಬೇಕಾದದ್ದು 50 ವರ್ಷ, ಅದೂ ರೂಪಾಯಿಯಲ್ಲಿ, ಇಲ್ಲಿನ ಬೆಲೆ ಏರಿಕೆಯ ನಡುವೆ.

ಮೊದಲು ಖರ್ಚನ್ನು ಸರಿಯಾಗಿ ಬರೆಯಿರಿ

ಹನ್ನೆರಡು ತಿಂಗಳ ಬ್ಯಾಂಕ್ ಪಾಸ್‌ಬುಕ್ ಮತ್ತು ಯುಪಿಐ ಪಾವತಿಗಳನ್ನು ಕೂಡಿಸಿ. ಅದರ ಮೇಲೆ, ಪ್ರತಿವರ್ಷ ಬಾರದ ಖರ್ಚುಗಳನ್ನು ಸೇರಿಸಿ: ಎಂಟು ವರ್ಷಕ್ಕೊಮ್ಮೆ ಹೊಸ ಸ್ಕೂಟರ್, ಮನೆಗೆ ಬಣ್ಣ, ಬತ್ತಿದ ಕೊಳವೆಬಾವಿಯ ಬದಲಿಗೆ ಇನ್ನೊಂದು. ಸಾವಿರ ಅಡಿ ಕೊರೆದರೂ ನೀರು ಖಾತ್ರಿಯಿಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ಈ ಕೊನೆಯದನ್ನು ಬಿಡುವಂತಿಲ್ಲ. ಇಂಥ ಪ್ರತಿಯೊಂದನ್ನೂ ಅದು ಬರುವ ವರ್ಷಗಳಿಂದ ಭಾಗಿಸಿ ವಾರ್ಷಿಕ ಖರ್ಚಿಗೆ ಹಾಕಿ. ಮಗಳ ಕಾಲೇಜು, ಮದುವೆಯ ಹಣವನ್ನು ಇಡುಗಂಟಿನಿಂದ ಹೊರಗೇ ತೆಗೆದಿಡಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಆದ್ದರಿಂದ ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ, ಅದರ ಕಂತನ್ನೂ ಸೇರಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು, ಆ ಅವಧಿ ಸಂಬಳ ಬರುತ್ತಿರುವಾಗಲೇ ಕಳೆದರೆ ಒಳ್ಳೆಯದು.

ಶ್ರೀನಿವಾಸಪುರದ ಕಡೆ ಮಾವಿನ ತೋಟ ಇದ್ದವರು ಅದರ ಮಾರುಕಟ್ಟೆ ಬೆಲೆಯನ್ನು ಇಡುಗಂಟಿಗೆ ಸೇರಿಸುವುದನ್ನು ಕಂಡಿದ್ದೇನೆ. ಮಾರುವ ಮನಸ್ಸಿಲ್ಲದ ತೋಟದಿಂದ ತಿಂಗಳ ದಿನಸಿ ಬರುವುದಿಲ್ಲ. ಅದರ ಆದಾಯವನ್ನು ಮಾತ್ರ ಹಿಡಿಯಿರಿ, ಅದನ್ನೂ ಕೆಟ್ಟ ವರ್ಷದ ಮಟ್ಟದಲ್ಲಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಇಲ್ಲಿನ ಬೆಳೆಗಾರರು ಪಟ್ಟ ಪಾಡು ಎಲ್ಲರಿಗೂ ನೆನಪಿರುತ್ತದೆ.

ಹಣ ಎಷ್ಟು ವರ್ಷ ಬರುತ್ತದೆ?

ಬಡ್ಡಿ ಅಥವಾ ಲಾಭದ ದರದಲ್ಲಿ ತೆರಿಗೆ ಮತ್ತು ಹಣದುಬ್ಬರವನ್ನು ಕಳೆದು ಉಳಿಯುವುದೇ ನಿಜವಾದ ಗಳಿಕೆ. ಎಫ್‌ಡಿಯಲ್ಲಿ ತೆರಿಗೆ ಕಳೆದು ಶೇ 7 ಸಿಕ್ಕು, ಬೆಲೆಗಳು ಶೇ 6 ಏರಿದರೆ ನಿಜ ಗಳಿಕೆ ಸುಮಾರು ಶೇ 1. ಮೊಬೈಲ್ ಅಥವಾ ಕಂಪ್ಯೂಟರ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಬರೆಯಿರಿ:

```
=NPER(0.01,-600000,15000000,0,1)
```

ಉತ್ತರ ಸುಮಾರು 28.6 ವರ್ಷ. ಅಂದರೆ ಎಲ್ಲವನ್ನೂ ಎಫ್‌ಡಿಯಲ್ಲಿಟ್ಟರೆ ನಮ್ಮ ಮಾಲೂರಿನವರ ಹಣ ಅವರ 66ನೇ ವಯಸ್ಸಿಗೆ ಮುಗಿಯುತ್ತದೆ. `0.01` ಇದ್ದಲ್ಲಿ `0.02` ಹಾಕಿದರೆ 34 ವರ್ಷ, `0.03` ಹಾಕಿದರೆ 44 ವರ್ಷ. ಯಾರೂ ಮೊದಲೇ ಹೇಳಲಾಗದ ಒಂದೊಂದು ಶೇಕಡಾ ಅಂಶದ ವ್ಯತ್ಯಾಸಕ್ಕೆ ಐದು, ಹತ್ತು ವರ್ಷಗಳ ಬದುಕು ತೂಗಿಕೊಂಡಿರುತ್ತದೆ. 30 ವರ್ಷ ಬಾಳಿದರೆ ಸಾಕಾದವರಿಗೆ 28 ಬಂದರೆ ಹೇಗೋ ಸರಿದೂಗಿಸಬಹುದು. 50 ಬೇಕಾದವರಿಗೆ ಆಗದು. ಶೇ 2ರ ನಿಜ ಗಳಿಕೆಯಲ್ಲಿ 50 ವರ್ಷ ಬೇಕೆಂದರೆ ಇಡುಗಂಟು 25 ಪಟ್ಟಲ್ಲ, ವರ್ಷದ ಖರ್ಚಿನ 32 ಪಟ್ಟು ಇರಬೇಕು, ಅಂದರೆ ಸುಮಾರು 1.92 ಕೋಟಿ.

ಲಾಭ ಯಾವಾಗ ಬರುತ್ತದೆ ಎಂಬುದೂ ಮುಖ್ಯ

ಷೇರು ಸೇರಿಸಿದರೆ ಗಳಿಕೆ ಹೆಚ್ಚಬಹುದು, ನಿಜ. ಆದರೆ ಶೇ 3 ಎಂಬುದು ಸರಾಸರಿ, ಅದು ವರ್ಷವರ್ಷವೂ ಸಮನಾಗಿ ಬರುವುದಿಲ್ಲ. 1992ರ ಏಪ್ರಿಲ್‌ನಲ್ಲಿ 4,400 ದಾಟಿದ್ದ ಸೆನ್ಸೆಕ್ಸ್, 11 ವರ್ಷ ಕಳೆದು 2003ರ ಏಪ್ರಿಲ್‌ನಲ್ಲಿ 3,000ದ ಆಸುಪಾಸಿನಲ್ಲಿತ್ತು. ಅಷ್ಟರಲ್ಲಿ ಬೆಲೆಗಳು ದುಪ್ಪಟ್ಟಾಗಿದ್ದವು. 1992ರ ಆ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟವರಿಗೆ, ಮುಂದೆ ಬಂದ ಏರಿಕೆಯನ್ನು ಕಾಯುವಷ್ಟು ಹಣ ಉಳಿದಿರಬೇಕಿತ್ತು.

ಇದನ್ನೇ ನಮ್ಮ ಉದಾಹರಣೆಗೆ ಹಚ್ಚಿ ನೋಡೋಣ. ಎಲ್ಲ ಮೊತ್ತವನ್ನೂ ಇಂದಿನ ರೂಪಾಯಿ ಬೆಲೆಯಲ್ಲೇ ಹಿಡಿದಿದ್ದೇನೆ. ಮೊದಲ ಐದು ವರ್ಷ ಇಡುಗಂಟು ವರ್ಷಕ್ಕೆ ಶೇ 5 ಕರಗಿತು, ಆಮೇಲಿನ ಐದು ವರ್ಷ ಶೇ 11 ಬೆಳೆಯಿತು ಎಂದುಕೊಳ್ಳಿ. ಪ್ರತಿವರ್ಷದ ಆರಂಭದಲ್ಲಿ 6 ಲಕ್ಷ ತೆಗೆದರೆ ಹತ್ತು ವರ್ಷದ ಕೊನೆಗೆ ಉಳಿಯುವುದು ಸುಮಾರು 1.11 ಕೋಟಿ. ಇದೇ ಹತ್ತು ವರ್ಷಗಳನ್ನು ತಿರುಗಿಸಿ, ಒಳ್ಳೆಯವು ಮೊದಲು ಬಂದರೆ 1.38 ಕೋಟಿ ಉಳಿಯುತ್ತದೆ. ಏನೂ ತೆಗೆಯದೆ ಬಿಟ್ಟಿದ್ದರೆ ಎರಡೂ ಕಡೆ 1.96 ಕೋಟಿಯೇ ಆಗಿರುತ್ತಿತ್ತು. ಬಿದ್ದ ಬೆಲೆಗೆ ಯೂನಿಟ್ ಮಾರಿ ಮನೆ ನಡೆಸಿದ್ದರಿಂದ, ಮಾರುಕಟ್ಟೆ ಚೇತರಿಸಿದಾಗ ಬೆಳೆಯಲು ಯೂನಿಟ್‌ಗಳೇ ಕಡಿಮೆ ಉಳಿದಿದ್ದವು.

ಅಲ್ಲಿಂದ ಮುಂದೆ ಪ್ರತಿವರ್ಷ ಶೇ 3ರ ನಿಜ ಗಳಿಕೆ ತಪ್ಪದೆ ಬಂದರೂ ಮೊದಲನೆಯವರ ಹಣ 74ನೇ ವಯಸ್ಸಿಗೆ ಮುಗಿಯುತ್ತದೆ, ಎರಡನೆಯವರದು 85ರವರೆಗೆ ಬರುತ್ತದೆ. ಇಬ್ಬರ ಖರ್ಚೂ ಒಂದೇ, ಹೂಡಿಕೆಯೂ ಒಂದೇ. ಕೆಲಸ ಬಿಟ್ಟ ವರ್ಷ ಮಾತ್ರ ಬೇರೆ.

ಹಾಗಾದರೆ ಏನು ಮಾಡುವುದು?

ಮೂರರಿಂದ ಐದು ವರ್ಷದ ಖರ್ಚನ್ನು ಎಫ್‌ಡಿಯಲ್ಲಿಟ್ಟು, ಷೇರುಪೇಟೆ ಬಿದ್ದಾಗ ಅದರಿಂದ ಮಾತ್ರ ತೆಗೆಯುವುದು ಒಂದು ದಾರಿ. ಅದು ಸಣ್ಣ ಕುಸಿತಕ್ಕೆ ಸಾಕು, 1992ರ ನಂತರದಂಥ ದೀರ್ಘ ಬರಕ್ಕೆ ಸಾಲದು.

ಹೆಚ್ಚು ಗಟ್ಟಿಯಾದದ್ದು ಮೊದಲ ಹತ್ತು ವರ್ಷ ಸ್ವಲ್ಪವಾದರೂ ದುಡಿಯುವುದು. ಮುಳಬಾಗಿಲಿನಲ್ಲೋ ಕೋಲಾರದಲ್ಲೋ ಮನೆಪಾಠ, ಮಹಡಿಯ ಬಾಡಿಗೆ, ಡೇರಿಗೆ ಹಾಕುವ ಹಾಲು, ಹಳೆಯ ಕಂಪನಿಗೆ ವಾರಕ್ಕೆರಡು ದಿನದ ಕೆಲಸ, ಯಾವುದಾದರೂ ಸರಿ. ಖರ್ಚು ಕಳೆದು ತಿಂಗಳಿಗೆ 15 ಸಾವಿರ ಕೈಗೆ ಬಂದರೆ ಇಡುಗಂಟಿನಿಂದ ತೆಗೆಯಬೇಕಾದದ್ದು ವರ್ಷಕ್ಕೆ 4.2 ಲಕ್ಷ ಮಾತ್ರ. ಮೇಲಿನ ಕೆಟ್ಟ ಹತ್ತು ವರ್ಷಗಳನ್ನೇ ಮತ್ತೆ ಹಾಕಿ ನೋಡಿ: ಕೊನೆಗೆ 1.36 ಕೋಟಿ ಉಳಿಯುತ್ತದೆ. ಒಳ್ಳೆಯ ವರ್ಷಗಳು ಮೊದಲು ಬಂದವರಿಗೆ ಹೆಚ್ಚುಕಡಿಮೆ ಸಮ. ಆ 15 ಸಾವಿರವೂ ಬೆಲೆ ಏರಿದಂತೆ ಏರಬೇಕು ಎಂಬುದನ್ನು ಮರೆಯಬೇಡಿ. ಇಷ್ಟಾದರೂ, ಮುಂದಿನ ನಿಜ ಗಳಿಕೆ ಶೇ 2ಕ್ಕೆ ಇಳಿದರೆ ಹಣ 77ರ ಹೊತ್ತಿಗೆ ಮುಗಿಯುತ್ತದೆ. ಆದ್ದರಿಂದ ನನ್ನನ್ನು ಕೇಳಿದರೆ, 1.5 ಕೋಟಿಗೆ ಕೆಲಸ ಬಿಡದೆ ಇನ್ನು ಕೆಲವು ವರ್ಷ ಸಂಬಳ ತೆಗೆದುಕೊಳ್ಳಿ ಎನ್ನುತ್ತೇನೆ.

ಬಿಟ್ಟ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಮೇಲಿನ NPER ಸೂತ್ರಕ್ಕೆ ಆ ದಿನದ ಇಡುಗಂಟು, ಆ ವರ್ಷದ ಖರ್ಚು, ಶೇ 2ರ ಗಳಿಕೆ ಹಾಕಿ. ಬಂದ ವರ್ಷಗಳನ್ನು ನಿಮ್ಮ ವಯಸ್ಸಿಗೆ ಕೂಡಿಸಿ. ಮೊತ್ತ 88ಕ್ಕಿಂತ ಕಡಿಮೆ ಬಂದರೆ ಆ ವರ್ಷ ಬೆಲೆ ಏರಿಕೆಯ ಹೆಸರಿನಲ್ಲಿ ಖರ್ಚನ್ನು ಏರಿಸಬೇಡಿ. ಸತತ ಎರಡು ವರ್ಷ ಕಡಿಮೆ ಬಂದರೆ ಮತ್ತೆ ದುಡಿಮೆಗೆ ಇಳಿಯಿರಿ. 41ರಲ್ಲಿ ಕೆಲಸ ಹುಡುಕಬಹುದು, 70ರಲ್ಲಿ ಹುಡುಕುವುದು ಕಷ್ಟ.